ಹಸಿರು ಪುಡಿ, ಕೆಂಪು ಬಟ್ಟಲು

ಪಿಂಗಾಣಿ ಕೆಲಸ ಮಾಡುವವರ ಕಪಾಟಿನಲ್ಲಿ ಕಾಣುವ ಬಣ್ಣವನ್ನು ನಂಬುವಂತಿಲ್ಲ. ಕೋಬಾಲ್ಟ್ ಆಕ್ಸೈಡ್ ಕಪ್ಪು ಪುಡಿ, ಆದರೆ ಸುಟ್ಟಾಗ ಬರುವುದು ಕಡುನೀಲಿ. ಕಬ್ಬಿಣದ ಆಕ್ಸೈಡ್ ಇಟ್ಟಿಗೆಗೆಂಪು, ಅದರಿಂದ ಜೇನುಬಣ್ಣವೂ ಬರಬಹುದು, ಎಳೆಹಸಿರೂ ಬರಬಹುದು. ಇವೆಲ್ಲಕ್ಕಿಂತ ವಿಚಿತ್ರ ತಾಮ್ರ. ತಿಳಿಹಸಿರಾದ ತಾಮ್ರದ ಕಾರ್ಬೊನೇಟನ್ನು ಬೆರೆಸಿದ ಒಂದೇ ಬಕೆಟ್ಟಿನ ಗ್ಲೇಜನ್ನು ಎರಡು ಬಟ್ಟಲುಗಳಿಗೆ ಹಚ್ಚಿ, ಎರಡನ್ನೂ ಒಂದೇ ಶಾಖಕ್ಕೆ, ಆದರೆ ಬೇರೆ ಬೇರೆ ಭಟ್ಟಿಗಳಲ್ಲಿ ಸುಟ್ಟು ನೋಡಿ. ಒಂದು ತೆಳುಹಸಿರಾಗಿ ಬರುತ್ತದೆ, ಇನ್ನೊಂದು ರಕ್ತಗೆಂಪಾಗಿ. ಪುಡಿ ಬದಲಾಗಿಲ್ಲ, ಅಳತೆ ಬದಲಾಗಿಲ್ಲ. ಬದಲಾದದ್ದು ಭಟ್ಟಿಯೊಳಗಿನ ಗಾಳಿ ಮಾತ್ರ.

ಗೋಡೆಗೆ ಹೊಡೆಯುವ ಪೇಂಟಿನಲ್ಲಿ ಬಣ್ಣದ ಕಣಗಳು ಒಣಗಿದ ಮೇಲೂ ಹಾಗೆಯೇ ಇರುತ್ತವೆ. ಡಬ್ಬದಲ್ಲಿ ಕಂಡ ಬಣ್ಣವೇ ಗೋಡೆಯ ಮೇಲೆ ಕಾಣುವುದು ಅದಕ್ಕೇ. ಗ್ಲೇಜಿನ ಕಥೆ ಬೇರೆ. ಅದು ಬಣ್ಣವಲ್ಲ, ಇನ್ನೂ ಗಾಜಾಗದ ಗಾಜು. ಬೆಣಚುಕಲ್ಲಿನ ಪುಡಿ, ಫೆಲ್ಡ್‌ಸ್ಪಾರ್, ಸುಣ್ಣಕಲ್ಲಿನ ಪುಡಿ, ಸ್ವಲ್ಪ ಜೇಡಿ, ಇಷ್ಟನ್ನು ನೀರಿನಲ್ಲಿ ಕಲಸಿದ ತೆಳು ಸರಿ ಅದು. ಒಂದು ಸಾವಿರದ ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿದಾಗ ಇವೆಲ್ಲ ಕರಗಿ ಒಂದಾಗಿ, ತಣಿದ ಮೇಲೆ ಪಾತ್ರೆಗೆ ಅಂಟಿದ ಗಾಜಿನ ಪದರವಾಗುತ್ತವೆ. ಲೋಹದ ಪುಡಿಯೂ ಆ ಗಾಜಿನಲ್ಲಿ ಕರಗಿಹೋಗುತ್ತದೆ. ಪುಡಿಯ ಹರಳು ಇಲ್ಲವಾದಾಗ ಆ ಹರಳಿನ ಬಣ್ಣವೂ ಇಲ್ಲವಾಗುತ್ತದೆ. ಇನ್ನು ಮುಂದೆ ಬಣ್ಣವನ್ನು ತೀರ್ಮಾನಿಸುವವು ಎರಡು ಸಂಗತಿಗಳು: ಲೋಹದ ಒಂದೊಂದು ಪರಮಾಣುವಿನ ಸುತ್ತ ಗಾಜಿನಲ್ಲಿ ಏನಿದೆ ಎಂಬುದು ಒಂದು, ಆ ಲೋಹ ಎಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಂಡಿದೆ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಜೈಪುರದ ನೀಲಿ ಪಿಂಗಾಣಿ ಒಳ್ಳೆಯ ಉದಾಹರಣೆ. ಅಲ್ಲಿನ ಕಡುನೀಲಿ ಕೋಬಾಲ್ಟಿನದು. ಆಕಾಶಕ್ಕೂ ಹಸಿರಿಗೂ ನಡುವಿನ ಆ ವೈಡೂರ್ಯದ ಛಾಯೆ ಮಾತ್ರ ತಾಮ್ರದ್ದು. ಸೋಡಾದಂಥ ಕ್ಷಾರ ಹೆಚ್ಚಿರುವ ಗಾಜಿನಲ್ಲಿ ತಾಮ್ರ ಹೀಗೆ ನೀಲಿಯ ಕಡೆಗೆ ವಾಲುತ್ತದೆ. ಅದೇ ತಾಮ್ರವನ್ನು ಸೀಸ ಹಾಕಿದ ಗಾಜಿಗೆ ಸೇರಿಸಿದರೆ ಹುಲ್ಲುಹಸಿರು. ಎರಡರಲ್ಲೂ ತಾಮ್ರ ತನ್ನ ಪೂರ್ತಿ ಆಮ್ಲಜನಕದೊಂದಿಗೆ ಗಾಜಿನಲ್ಲಿ ಕರಗಿ ಕುಳಿತಿರುತ್ತದೆ, ಬೆಳಕಿನ ಕೆಂಪು ಭಾಗವನ್ನು ನುಂಗಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಉಳಿಯುವುದು ಹಸಿರು, ನೀಲಿ. ಗಾಳಿ ಧಾರಾಳವಾಗಿ ಆಡುವ ಭಟ್ಟಿಯಲ್ಲಿ ತಾಮ್ರದಿಂದ ಇದಕ್ಕಿಂತ ಬೇರೆಯ ಬಣ್ಣವನ್ನು ಹೊರಡಿಸುವುದು ಕಷ್ಟ.

ಕೆಂಪು ಬೇಕೆಂದರೆ ತಾಮ್ರದಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಶಾಲೆಯ ರಸಾಯನಶಾಸ್ತ್ರದಲ್ಲಿ ಇದಕ್ಕೆ ಅಪಕರ್ಷಣ ಎನ್ನುತ್ತಾರೆ. ಕುಂಬಾರಿಕೆಯ ಸ್ಟುಡಿಯೋಗಳಲ್ಲಿ ಎಲ್ಲರೂ ರಿಡಕ್ಷನ್ ಎಂದೇ ಹೇಳುವುದು. ಚೀನಾದ ಜಿಂಗ್‌ಡೆಝೆನ್ ಊರಿನ ಕುಶಲಕರ್ಮಿಗಳು ಈ ರಸಾಯನಶಾಸ್ತ್ರ ಹುಟ್ಟುವ ಎಷ್ಟೋ ಮೊದಲೇ ಅದನ್ನು ಕೈಯಲ್ಲಿ ಸಾಧಿಸಿದ್ದರು. ಮಿಂಗ್ ದೊರೆ ಶ್ವಾಂಡೆಯ ಕಾಲದಲ್ಲಿ, ಅಂದರೆ 1426ರಿಂದ 1435ರ ನಡುವೆ, ಅಲ್ಲಿ ಸುಟ್ಟ ಕೆಂಪು ಬಟ್ಟಲುಗಳು ಇಂದಿಗೂ ಆ ಬಣ್ಣದ ಅಳತೆಗೋಲು. ಆಮೇಲೆ ಆ ಕೈಚಳಕ ಸೊರಗಿತು. ಹದಿನಾರನೆಯ ಶತಮಾನದಲ್ಲಿ ಅರಮನೆಗೂ ಕಬ್ಬಿಣದ ಕೆಂಪನ್ನೇ ಬದಲಿಯಾಗಿ ಒಪ್ಪಿಕೊಳ್ಳಬೇಕಾಯಿತು. 1705ರಿಂದ 1712ರವರೆಗೆ ಜಿಯಾಂಗ್‌ಶಿ ಪ್ರಾಂತದ ಅಧಿಕಾರಿಯಾಗಿ ಭಟ್ಟಿಗಳ ಮೇಲ್ವಿಚಾರಣೆ ನೋಡಿಕೊಂಡ ಲಾಂಗ್ ಟಿಂಗ್‌ಜಿಯ ಹೆಸರಿನಲ್ಲಿ ತಾಮ್ರದ ಕೆಂಪು ಮತ್ತೆ ಪ್ರಸಿದ್ಧವಾಯಿತು. ಯುರೋಪಿನಲ್ಲಿ ಇದರ ಗುಟ್ಟನ್ನು ಪ್ರಯೋಗಶಾಲೆಯಲ್ಲಿ ಹುಡುಕಿದವರಲ್ಲಿ ಬರ್ಲಿನ್ನಿನ ಹರ್ಮನ್ ಸೇಗರ್ ಒಬ್ಬರು. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಾತು.

ಇಂದಿನ ಗ್ಯಾಸ್ ಭಟ್ಟಿಯಲ್ಲಿ ಈ ಕೆಂಪು ಹೇಗೆ ಏಳುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಒಂದು ಕಿಲೋ ಒಣ ಗ್ಲೇಜಿಗೆ ತಾಮ್ರದ ಕಾರ್ಬೊನೇಟು ಬೇಕಾಗುವುದು 4 ಗ್ರಾಂ ಅಷ್ಟೆ. ಜೊತೆಗೆ 10 ಗ್ರಾಂ ತವರದ ಆಕ್ಸೈಡ್. ಹೆಚ್ಚು ಹಾಕಿದರೆ ಹೆಚ್ಚು ಕೆಂಪು ಎಂದುಕೊಳ್ಳುವವರಿಗೆ ಸಿಗುವುದು ಪಿತ್ತಜನಕಾಂಗದಂಥ ಮಂಕು ಕಂದು. ಕಲಸಿದ ಗ್ಲೇಜು ಬಕೆಟ್ಟಿನಲ್ಲಿ ಬಿಳಿಯಾಗಿಯೇ ಕಾಣುತ್ತದೆ, ದಿಟ್ಟಿಸಿ ನೋಡಿದರೆ ಮಾತ್ರ ಹಸಿರಿನ ಸುಳಿವು. ಒಮ್ಮೆ ಸುಟ್ಟ ಬಟ್ಟಲನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ, ಪದರ ಸ್ವಲ್ಪ ದಪ್ಪಗೇ ಇರಬೇಕು.

ಭಟ್ಟಿ ಹೊತ್ತಿಸಿದ ಮೇಲೆ ಮೊದಲ ಹಲವು ಗಂಟೆ ವಿಶೇಷವೇನೂ ಇಲ್ಲ. ಗಾಳಿ ಚೆನ್ನಾಗಿ ಸಿಗುತ್ತಿರುತ್ತದೆ, ಉರಿ ಸ್ವಚ್ಛವಾಗಿರುತ್ತದೆ. ಈ ಹೊತ್ತಿಗೆ ಹಸಿರು ಕಾರ್ಬೊನೇಟು ತನ್ನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕಪ್ಪು ತಾಮ್ರದ ಆಕ್ಸೈಡ್ ಆಗಿರುತ್ತದೆ. ಹೊರಗಿನಿಂದ ಇದು ಯಾರಿಗೂ ಕಾಣುವುದಿಲ್ಲ. ಶಾಖ 900 ಡಿಗ್ರಿಯ ಹತ್ತಿರ ಬಂದಾಗ ಸುಡುವವರು ಚಿಮಣಿಯ ಡ್ಯಾಂಪರನ್ನು ಒಳಕ್ಕೆ ತಳ್ಳುತ್ತಾರೆ, ಬರ್ನರಿಗೆ ಹೋಗುವ ಗಾಳಿಯನ್ನೂ ತಗ್ಗಿಸುತ್ತಾರೆ. ಗ್ಯಾಸು ಪೂರ್ತಿ ಉರಿಯಲು ಬೇಕಾದಷ್ಟು ಆಮ್ಲಜನಕ ಈಗ ಒಳಗಿಲ್ಲ. ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಆಮ್ಲಜನಕಕ್ಕಾಗಿ ಹಸಿದ ಈ ಅನಿಲ ಗಾಳಿಯಲ್ಲಿ ಸಿಗದ್ದನ್ನು ಗ್ಲೇಜಿನಿಂದಲೇ ಎಳೆದುಕೊಳ್ಳುತ್ತದೆ:

CuO + CO → Cu + CO₂

ಇದು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸುಡುವವರು ಇಣುಕುಕಿಂಡಿಯ ಇಟ್ಟಿಗೆಯನ್ನು ಸರಿಸುತ್ತಾರೆ. ಕಿಂಡಿಯಿಂದ ಮೃದುವಾದ ಕಿತ್ತಳೆ ನಾಲಗೆಯೊಂದು ಹೊರಚಾಚಿದರೆ ಸರಿ: ಒಳಗೆ ಉರಿಯಲಾಗದ ಗ್ಯಾಸು ಹೊರಗಿನ ಗಾಳಿ ಸಿಕ್ಕ ಕೂಡಲೇ ಉರಿಯುತ್ತಿದೆ ಎಂದರ್ಥ. ನಾಲಗೆ ಕಾಣದಿದ್ದರೆ ಒಳಗೆ ಗಾಳಿ ಹೆಚ್ಚಾಗಿದೆ. ಕಪ್ಪು ಹೊಗೆ ಉಗುಳಿದರೆ ಅತಿಯಾಯಿತು, ಮಸಿ ಗ್ಲೇಜಿನಡಿ ಸಿಕ್ಕಿಕೊಂಡು ಬೂದು ಕಲೆಯಾಗಿ ಉಳಿಯುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುವ ವಿಷ. ರಿಡಕ್ಷನ್ ಭಟ್ಟಿಯನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಉರಿಸಬಾರದು.

900 ಡಿಗ್ರಿಯಲ್ಲೇ ಇದನ್ನು ಶುರುಮಾಡುವುದಕ್ಕೆ ಕಾರಣವಿದೆ. ಆಗ ಗ್ಲೇಜು ಇನ್ನೂ ಪುಡಿಯ ಪದರ, ಅನಿಲ ಅದರೊಳಗೆ ಸರಾಗ ನುಗ್ಗುತ್ತದೆ. ಮೇಲ್ಮೈ ಕರಗಿ ಮುಚ್ಚಿಕೊಂಡ ಮೇಲೆ ಎಚ್ಚೆತ್ತುಕೊಂಡರೆ ಪ್ರಯೋಜನವಿಲ್ಲ. ತಡವಾಗಿ ಶುರುಮಾಡಿದ ಭಟ್ಟಿಯಿಂದ ಬಣ್ಣವಿಲ್ಲದ, ಅಲ್ಲಲ್ಲಿ ಹಸಿರು ಹಣಿಕುವ ಬಟ್ಟಲು ಬರುತ್ತದೆ. ಅದನ್ನು ನೋಡಿದರೆ ಸಾಕು, ಎಲ್ಲಿ ತಪ್ಪಿತು ಎಂದು ಅನುಭವಿಗಳು ಹೇಳಿಬಿಡುತ್ತಾರೆ.

ಹೀಗೆ ಉಸಿರು ಕಟ್ಟಿದ ಉರಿಯಲ್ಲೇ ಶಾಖವನ್ನು 1280, 1300 ಡಿಗ್ರಿಯವರೆಗೆ ಏರಿಸುತ್ತಾರೆ. ಒಳಗಿಟ್ಟ ಪುಟ್ಟ ಕೋನ್ ಬಾಗಿದಾಗ ಸುಡುವುದು ಮುಗಿಯಿತು. ಇಂಥ ಕೋನ್‌ಗಳನ್ನು 1886ರಲ್ಲಿ ಬಳಕೆಗೆ ತಂದವರೂ ಅದೇ ಸೇಗರ್. ನನಗೆ ಈ ಇಡೀ ವಿದ್ಯಮಾನದಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಘಟ್ಟ ಇದು: ಇಷ್ಟೆಲ್ಲ ಮಾಡಿದರೂ ಈ ಗಳಿಗೆಯಲ್ಲಿ ಗ್ಲೇಜು ಕೆಂಪಾಗಿಲ್ಲ. ಕರಗಿದ ಗಾಜಿನಲ್ಲಿ ಆಮ್ಲಜನಕ ಕಳೆದುಕೊಂಡ ತಾಮ್ರ ಚದುರಿಹೋಗಿದೆ, ಅದಕ್ಕೆ ಬಣ್ಣವಿಲ್ಲ. ಕಬ್ಬಿಣದ ಸರಳಿನಿಂದ ಒಂದು ಪರೀಕ್ಷಾ ಉಂಗುರವನ್ನು ಕೊಕ್ಕೆ ಹಾಕಿ ಎಳೆದು ಥಟ್ಟನೆ ನೀರಿಗೆ ಅದ್ದಿದರೆ ಅದು ಸಪ್ಪೆಯಾಗಿ, ಬಹುತೇಕ ಬಿಳಿಯಾಗಿ ಕಾಣುತ್ತದೆ. ಭಟ್ಟಿ ನಿಧಾನವಾಗಿ ತಣಿಯುವಾಗ ತಾಮ್ರದ ಪರಮಾಣುಗಳು ಒಂದನ್ನೊಂದು ಸೇರಿ ಅತಿ ಸಣ್ಣ ಲೋಹದ ಕಣಗಳಾಗುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಕೆಲವು ಹತ್ತು ಭಾಗಗಳಷ್ಟೇ ಅವುಗಳ ಗಾತ್ರ. ತವರ ಇಲ್ಲಿ ನೆರವಾಗುತ್ತದೆ: ತಣಿಯುವ ಹೊತ್ತಿನಲ್ಲಿ ಅದು ತಾಮ್ರದ ಪಾಲಿನ ಆಮ್ಲಜನಕವನ್ನು ತಾನು ಹೊತ್ತುಕೊಂಡು ತಾಮ್ರವನ್ನು ಲೋಹವಾಗಲು ಬಿಡುತ್ತದೆ. ಈ ಕಣಗಳು ಬೆಳಕಿನ ಹಸಿರು ಭಾಗವನ್ನು ನುಂಗುತ್ತವೆ, ಕೆಂಪನ್ನು ಬಿಟ್ಟುಬಿಡುತ್ತವೆ. ಮೊದಲು ಕೆಂಪನ್ನು ತಿಂದು ಹಸಿರನ್ನು ಉಳಿಸಿದ ತಾಮ್ರವೇ ಈಗ ಹಸಿರನ್ನು ತಿಂದು ಕೆಂಪನ್ನು ಉಳಿಸುತ್ತದೆ. ಕಣಗಳು ಮಿತಿಮೀರಿ ಬೆಳೆದರೆ ಕೆಂಪು ಕಂದಾಗುತ್ತದೆ. ಆಗಲೇ ಹೇಳಿದ ಮಂಕು ಬಣ್ಣಕ್ಕೆ ಒಂದು ಕಾರಣ ಇದು.

ಹಳೆಯ ಚೀನೀ ಕೆಂಪು ಬಟ್ಟಲುಗಳ ಚಿತ್ರ ಸಿಕ್ಕರೆ ಅಂಚನ್ನು ಗಮನಿಸಿ. ಒಡಲೆಲ್ಲ ಕೆಂಪಿದ್ದರೂ ತುಟಿಯ ಸುತ್ತ ಒಂದು ಬಿಳಿ ಗೆರೆ ಇರುತ್ತದೆ. ಅದು ಯಾರೋ ಬಿಡಿಸಿದ ಗೆರೆಯಲ್ಲ. ಕರಗಿದ ಗ್ಲೇಜು ಅಂಚಿನಿಂದ ಕೆಳಗೆ ಇಳಿದು ಅಲ್ಲಿ ತೀರ ತೆಳುವಾಗುತ್ತದೆ. ತೆಳು ಪದರದಿಂದ ತಾಮ್ರ ಆವಿಯಾಗಿ ಹೋಗುವುದೂ ಸುಲಭ, ತಣಿಯುವಾಗ ನುಸುಳಿದ ಗಾಳಿ ಉಳಿದ ತಾಮ್ರಕ್ಕೆ ಆಮ್ಲಜನಕ ಮರಳಿಸುವುದೂ ಸುಲಭ. ಆವಿಯಾದ ತಾಮ್ರ ಎಲ್ಲಿಗೋ ಹೋಗಬೇಕಲ್ಲ? ಅದೇ ಭಟ್ಟಿಯಲ್ಲಿ ಪಕ್ಕಕ್ಕೆ ಇಟ್ಟಿದ್ದ ತವರದ ಬಿಳಿ ಗ್ಲೇಜಿನ ಲೋಟದ ಒಂದು ಕೆನ್ನೆ ಗುಲಾಬಿಯಾಗಿ ಬಂದರೆ ಉತ್ತರ ಅಲ್ಲಿದೆ.

ಕಬ್ಬಿಣದ ವಿಷಯದಲ್ಲೂ ನಡೆಯುವುದು ಇದೇ ಆಮ್ಲಜನಕದ ಕೊಡುಕೊಳ್ಳುವಿಕೆ, ಆದರೆ ಅಲ್ಲಿ ಲೋಹದ ಕಣಗಳ ಹಂತದವರೆಗೆ ಹೋಗಬೇಕಿಲ್ಲ. ಗ್ಲೇಜಿನಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣ ಇದ್ದು, ಗಾಳಿ ಧಾರಾಳವಿದ್ದರೆ ಜೇನುಬಣ್ಣ. ಗಾಳಿ ಕಟ್ಟಿದರೆ ಚೀನಾ, ಕೊರಿಯಾಗಳ ಸೆಲಡಾನ್ ಪಾತ್ರೆಗಳ ಎಳೆಹಸಿರು. ಗ್ಲೇಜಿಲ್ಲದ ಮಣ್ಣಿನಲ್ಲೂ ಕಬ್ಬಿಣ ಗಾಳಿಯ ಲೆಕ್ಕ ಹೇಳುತ್ತದೆ. ಮಂಗಳೂರು ಹೆಂಚು ಕೆಂಪಾಗಿರುವುದು ಅದರ ಜೇಡಿಯೊಳಗಿನ ಕಬ್ಬಿಣಕ್ಕೆ ಗೂಡಿನಲ್ಲಿ ಸಾಕಷ್ಟು ಆಮ್ಲಜನಕ ಸಿಕ್ಕಿದ್ದರಿಂದ. ಅಂಥದೇ ಜೇಡಿಯ ಮಡಕೆಯನ್ನು ಆವಿಗೆ ಮುಚ್ಚಿ ಹೊಗೆಯಲ್ಲಿ ಸುಟ್ಟರೆ ಕಪ್ಪಾಗುತ್ತದೆ. ಕೋಬಾಲ್ಟ್ ಮಾತ್ರ ಹಟಮಾರಿ, ಎರಡೂ ಬಗೆಯ ಉರಿಯಲ್ಲಿ ನೀಲಿಯನ್ನು ಬಿಟ್ಟುಕೊಡುವುದಿಲ್ಲ. ನೀಲಿ ಬಿಳಿ ಪಿಂಗಾಣಿ ಲೋಕದ ತುಂಬ ಹರಡಿದ್ದರಲ್ಲಿ ಈ ಹಟದ ಪಾಲು ದೊಡ್ಡದು ಎಂದು ನನ್ನ ಭಾವನೆ.

ನಗರಗಳ ಸ್ಟುಡಿಯೋಗಳಲ್ಲಿ ಈಗ ಹೆಚ್ಚಾಗಿ ಇರುವುದು ಕರೆಂಟಿನ ಭಟ್ಟಿ. ಅದರಲ್ಲಿ ಉರಿಯೇ ಇಲ್ಲ, ಒಳಗಿನ ಗಾಳಿಯನ್ನು ತಿನ್ನುವವರೂ ಇಲ್ಲ. ಹಾಗಾಗಿ ತಾಮ್ರ ಅಲ್ಲಿ ಹಸಿರಾಗಿಯೇ ಉಳಿಯುತ್ತದೆ. ಆ ಹಸಿರು ಗ್ಲೇಜಿನ ಬಟ್ಟಲನ್ನು ಊಟಕ್ಕೆ ಬಳಸುವ ಮುನ್ನ ಒಂದು ರಾತ್ರಿ ಅದರಲ್ಲಿ ವಿನೆಗರ್ ಅಥವಾ ನಿಂಬೆರಸ ನಿಲ್ಲಿಸಿ ನೋಡುವುದು ಒಳ್ಳೆಯದು. ದ್ರವ ನಿಂತ ಜಾಗದ ಬಣ್ಣ ಮಾಸಿದ್ದರೆ ತಾಮ್ರ ಗಾಜಿನಿಂದ ಹೊರಬರುತ್ತಿದೆ ಎಂದು ಲೆಕ್ಕ, ಅಂಥ ಬಟ್ಟಲಿಗೆ ಹುಳಿಸಾರು ಸಲ್ಲದು. ಮಾಸದಿದ್ದರೂ ಪೂರ್ತಿ ಖಾತರಿಯಿಲ್ಲ, ಅದಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಆಗಬೇಕು.

ಕರೆಂಟಿನ ಭಟ್ಟಿಯಲ್ಲೂ ಕೆಂಪು ಬೇಕೆಂದು ಹಟ ಹಿಡಿದವರು ಒಂದು ದಾರಿ ಕಂಡುಕೊಂಡಿದ್ದಾರೆ. ಉಜ್ಜುಕಾಗದಕ್ಕೆ ಹಚ್ಚುವ ಸಿಲಿಕಾನ್ ಕಾರ್ಬೈಡನ್ನು ಅತಿ ನಯವಾಗಿ ಪುಡಿಮಾಡಿ, ಚಿಟಿಕೆಯಷ್ಟನ್ನು ಗ್ಲೇಜಿಗೇ ಬೆರೆಸುತ್ತಾರೆ. ಕರಗುವ ಗ್ಲೇಜಿನೊಳಗೆ ಅದರ ಒಂದೊಂದು ಕಣವೂ ಸುತ್ತಲಿನ ತಾಮ್ರದಿಂದ ಆಮ್ಲಜನಕ ಕಸಿಯುತ್ತದೆ, ಹೊರಗೆ ಗಾಳಿ ಎಷ್ಟಿದ್ದರೂ ಲೆಕ್ಕಿಸುವುದಿಲ್ಲ. ಪುಡಿ ದಪ್ಪಗಿದ್ದರೆ ಕೆಂಪಿನ ನಡುವೆ ಬೂದು ಚುಕ್ಕೆಗಳು ಉಳಿಯುತ್ತವೆ. ಹೆಚ್ಚಾಗಿ ಹಾಕಿದರೆ ಹೊರಡುವ ಅನಿಲದಿಂದ ಗ್ಲೇಜಿನ ತುಂಬ ಗುಳ್ಳೆ ಏಳುತ್ತವೆ.