ಒಳಗೆ ಪೂರ್ತಿ ತುಂಬಿಸಿದರೆ 3ಡಿ ಪ್ರಿಂಟ್ ಕೊಕ್ಕೆ ಮುರಿಯುವುದಿಲ್ಲವೇ?

"ಇನ್‌ಫಿಲ್ 100% ಇಡಿ, ಕೊಕ್ಕೆ ಮುರಿಯೋದೇ ಇಲ್ಲ" ಎನ್ನುವವರಿದ್ದಾರೆ. ಇದು ಅರ್ಧ ಸತ್ಯ.

ಮಾದಿಹಳ್ಳಿಯ ಹಿತ್ತಲಲ್ಲಿ ಸೌದೆ ಒಡೆಯುವವರನ್ನು ಕೇಳಿ: ಮರ ನಾರಿನ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಕಡಿಯುವುದು ಕಷ್ಟ. ಪ್ರಿಂಟ್ ಕೂಡ ಹಾಗೆಯೇ. ಕರಗಿದ ಪ್ಲಾಸ್ಟಿಕ್ ಸುಮಾರು 0.2 ಮಿ.ಮೀ. ಪದರಗಳಾಗಿ ಕೂರುತ್ತದೆ. ಕೆಳಗಿನ ಪದರ ಅಷ್ಟರಲ್ಲಿ ತಣ್ಣಗಾಗಿರುವುದರಿಂದ ಎರಡರ ನಡುವಿನ ಬೆಸುಗೆಯೇ ದುರ್ಬಲ ಜಾಗ.

ಗೋಡೆಗೆ ಹಾಕುವ 'L' ಆಕಾರದ ಕೊಕ್ಕೆಯನ್ನೇ ನೋಡಿ. ಗೋಡೆಗೆ ತಾಗುವ ಪಟ್ಟಿಯನ್ನು ಕೆಳಗಿಟ್ಟು ಪ್ರಿಂಟ್ ಮಾಡಿದರೆ ತೋಳು ನೆಟ್ಟಗೆ ಮೇಲೇಳುತ್ತದೆ. ಪದರಗಳು ತೋಳಿಗೆ ಅಡ್ಡವಾಗುತ್ತವೆ. ಚೀಲ ತೂಗುಹಾಕಿದಾಗ ತೋಳಿನ ಬುಡದ ಮೇಲ್ಭಾಗ ಎಳೆದಂತಾಗಿ ಪದರ ಬಿಟ್ಟುಕೊಳ್ಳುತ್ತದೆ. ಅದೇ ಕೊಕ್ಕೆಯನ್ನು ಮಗ್ಗುಲಾಗಿ ಮಲಗಿಸಿ ಪ್ರಿಂಟ್ ಮಾಡಿದರೆ ಎಳೆಗಳು ಪಟ್ಟಿಯಿಂದ ತೋಳಿಗೆ ಬಾಗಿಕೊಂಡು ಸಾಗುತ್ತವೆ; ಭಾರವನ್ನು ಎಳೆಗಳೇ ಹೊರುತ್ತವೆ.

ಆದರೆ ಎಚ್ಚರ: ಈಗ ಸ್ಕ್ರೂ ಪದರಗಳ ನಡುವೆ ಹೋಗುತ್ತದೆ. ಶಂಕುವಿನಾಕಾರದ ತಲೆಯ ಸ್ಕ್ರೂ ಬಿಗಿದರೆ ಬೆಣೆಯಂತೆ ಸೀಳಬಹುದು. ಚಪ್ಪಟೆ ತಲೆಯಡಿ ವಾಷರ್ ಹಾಕಿ.

ಮುರಿದ ತುಂಡಿದ್ದರೆ ನೋಡಿ. ಮುರಿದ ಜಾಗ ಚಪ್ಪಟೆಯಾಗಿ, ನುಣುಪಾಗಿದ್ದರೆ ಪದರ ಬಿಟ್ಟಿದೆ ಎಂದರ್ಥ, ದಿಕ್ಕು ಬದಲಿಸಿ. ಒರಟಾಗಿ ಹರಿದಿದ್ದರೆ ಪ್ಲಾಸ್ಟಿಕ್ಕೇ ಸೋತಿದೆ. ತೋಳನ್ನು ದಪ್ಪ ಮಾಡಿ.