ಎರಡು ಕ್ರಾಂತಿ, ಒಂದು ಉತ್ತರ: ಪ್ಯಾರಾ ಕಟ್ಟುವ ಬಗೆ

‘ಫ್ರೆಂಚ್ ಮತ್ತು ರಷ್ಯನ್ ಕ್ರಾಂತಿಗಳ ಕಾರಣಗಳನ್ನು ಹೋಲಿಸಿ ಬರೆಯಿರಿ.’ ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಇಂಥ ಪ್ರಶ್ನೆ ಕಂಡಾಗ ಓದಿಕೊಂಡು ಹೋದ ವಿದ್ಯಾರ್ಥಿಗೆ ಖುಷಿಯೇ ಆಗುತ್ತದೆ. ಎರಡೂ ಗೊತ್ತಿರುವ ಪಾಠ. ಪೆನ್ನು ಓಡತೊಡಗುತ್ತದೆ. ಮೊದಲ ಎರಡು ಪುಟದಲ್ಲಿ ಹದಿನಾರನೇ ಲೂಯಿ, ಮೂರು ವರ್ಗಗಳು, ರೂಸೋ, ಬ್ಯಾಸ್ಟೀಲ್. ಮುಂದಿನ ಎರಡು ಪುಟದಲ್ಲಿ ಎರಡನೇ ನಿಕೊಲಸ್, ರಾಸ್ಪುಟಿನ್, ಮಹಾಯುದ್ಧ, ಲೆನಿನ್. ಕೊನೆಗೆ, ಎರಡಕ್ಕೂ ಸಾಮ್ಯವೂ ಇದೆ, ವ್ಯತ್ಯಾಸವೂ ಇದೆ ಎಂಬ ಮೂರು ಸಾಲು.

ಬರೆದದ್ದರಲ್ಲಿ ತಪ್ಪು ಮಾಹಿತಿ ಇಲ್ಲದಿರಬಹುದು, ಆದರೂ ಅಂಕ ಸಿಗುವುದಿಲ್ಲ. ಪ್ರಶ್ನೆ ಕೇಳಿದ್ದು ಹೋಲಿಕೆ. ಉತ್ತರದಲ್ಲಿರುವುದು ಪಕ್ಕಪಕ್ಕದಲ್ಲಿಟ್ಟ ಎರಡು ಟಿಪ್ಪಣಿ. ಹೋಲಿಸುವ ಕೆಲಸವನ್ನು ಪರೀಕ್ಷಕರೇ ಮಾಡಿಕೊಳ್ಳಬೇಕಾಗುತ್ತದೆ.

ಇದಕ್ಕೆ ಪರಿಹಾರ ಬರೆಯಲು ಕೂರುವ ಮುಂಚಿನ ಏಳೆಂಟು ನಿಮಿಷದಲ್ಲಿದೆ. ಕಚ್ಚಾ ಹಾಳೆಯಲ್ಲಿ ಮೂರು ಕಲಂ ಎಳೆದು, ಎಡಗಡೆ ಕಾರಣ, ನಡುವೆ ಫ್ರಾನ್ಸ್, ಬಲಗಡೆ ರಷ್ಯಾ ಎಂದು ಬರೆದುಕೊಳ್ಳಬೇಕು. ಒಂದು ಅಡ್ಡಸಾಲಿಗೆ ಒಂದು ಪ್ಯಾರಾ. ಅಂದರೆ ಪ್ಯಾರಾ ಕಾರಣಕ್ಕೆ ಸೇರಿದ್ದು, ದೇಶಕ್ಕಲ್ಲ.

ಕಲಂ ತುಂಬುವ ಮೊದಲೇ ಒಂದು ತೀರ್ಮಾನ ಆಗಬೇಕು. ರಷ್ಯಾದಲ್ಲಿ 1917ರಲ್ಲಿ ಎರಡು ಕ್ರಾಂತಿಗಳಾದವು. ಮಾರ್ಚ್‌ನಲ್ಲಿ ಚಕ್ರವರ್ತಿ ಪದತ್ಯಾಗ ಮಾಡಿದ. ನವೆಂಬರ್‌ನಲ್ಲಿ ಬೋಲ್ಶೆವಿಕರು ತಾತ್ಕಾಲಿಕ ಸರ್ಕಾರವನ್ನು ಕಿತ್ತೊಗೆದರು. ಆಗ ರಷ್ಯಾದ ಪಂಚಾಂಗ 13 ದಿನ ಹಿಂದಿದ್ದುದರಿಂದ ಇವಕ್ಕೆ ಫೆಬ್ರವರಿ ಕ್ರಾಂತಿ, ಅಕ್ಟೋಬರ್ ಕ್ರಾಂತಿ ಎಂಬ ಹೆಸರು ಬಂತು. ಎರಡರ ಕಾರಣಗಳೂ ಬೇರೆ. 1789ರ ಫ್ರಾನ್ಸಿನ ಜೊತೆ ನೇರವಾಗಿ ತೂಗುವುದು ಫೆಬ್ರವರಿಯದು, ಏಕೆಂದರೆ ಎರಡು ಕಡೆಯೂ ಕುಸಿದದ್ದು ಶತಮಾನಗಳ ರಾಜಪ್ರಭುತ್ವ. ಲೆನಿನ್ ಆಗ ಸ್ವಿಟ್ಜರ್ಲೆಂಡಿನಲ್ಲಿದ್ದ. ಯಾವ ಕ್ರಾಂತಿಯನ್ನು ಹೋಲಿಸುತ್ತಿದ್ದೇನೆ ಎಂದು ಪೀಠಿಕೆಯಲ್ಲೇ ಹೇಳದಿದ್ದರೆ ಮುಂದಿನ ಪ್ರತಿ ಪ್ಯಾರಾದಲ್ಲೂ ಗೊಂದಲ ನುಸುಳುತ್ತದೆ.

ಈಗ ಮೊದಲ ಸಾಲು: ಯುದ್ಧ ಮತ್ತು ಖಜಾನೆ. ‘ಎರಡೂ ದೇಶಗಳಿಗೆ ಯುದ್ಧದ ಹೊರೆ ಇತ್ತು’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಒಳಹೊಕ್ಕು ನೋಡಿದರೆ ಹೊರೆಯ ರೀತಿಯೇ ಬೇರೆ. ಫ್ರಾನ್ಸ್ ಅಮೆರಿಕದ ಸ್ವಾತಂತ್ರ್ಯಯುದ್ಧಕ್ಕೆ ಹಣ ಸುರಿದಿತ್ತು. 1783ರಲ್ಲಿ ಆ ಯುದ್ಧ ಮುಗಿದರೂ ಸಾಲ ಉಳಿಯಿತು. 1788ರ ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಸುಮಾರು ಅರ್ಧ ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ತೆರಿಗೆ ವಿನಾಯಿತಿ ಅನುಭವಿಸುತ್ತಿದ್ದ ಗಣ್ಯರ ಸಭೆ 1787ರಲ್ಲಿ ಸುಧಾರಣೆಗೆ ಒಪ್ಪಲಿಲ್ಲ. ಬೇರೆ ದಾರಿ ಕಾಣದ ದೊರೆ 1614ರ ನಂತರ ಒಮ್ಮೆಯೂ ಸೇರದಿದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನು 1789ರ ಮೇ 5ರಂದು ವರ್ಸೇಲ್ಸಿನಲ್ಲಿ ಕರೆದ. ರಷ್ಯಾದ ಯುದ್ಧ ಮಾತ್ರ ಇನ್ನೂ ನಡೆಯುತ್ತಲೇ ಇತ್ತು. ಅದು ಸುಮಾರು ಒಂದೂವರೆ ಕೋಟಿ ಜನರನ್ನು ಸೇನೆಗೆ ಎಳೆದುಕೊಂಡಿತು, ನೋಟು ಮುದ್ರಿಸಿ ಖರ್ಚು ನಿಭಾಯಿಸಿದ್ದರಿಂದ ಬೆಲೆಗಳು ಏರಿದವು. 1915ರಲ್ಲಿ ನಿಕೊಲಸ್ ತಾನೇ ಸೇನಾಧಿಪತ್ಯ ವಹಿಸಿಕೊಂಡು ರಾಜಧಾನಿಯಿಂದ ದೂರ ಹೋದ. ಸೋಲಿನ ಹೊಣೆಯೂ ಅವನ ಹೆಗಲಿಗೇ ಬಂತು.

ಇಷ್ಟು ಕಲಂನಲ್ಲಿ ಬಿದ್ದಮೇಲೆ ಪ್ಯಾರಾದ ಮೊದಲ ವಾಕ್ಯ ತಾನಾಗಿ ಹುಟ್ಟುತ್ತದೆ: ‘ಮುಗಿದ ಯುದ್ಧದ ಸಾಲ ಫ್ರಾನ್ಸಿನ ದೊರೆ ಸಭೆ ಕರೆಯುವಂತೆ ಮಾಡಿತು, ಮುಗಿಯದ ಯುದ್ಧ ರಷ್ಯಾದ ದೊರೆಯನ್ನು ಒಂಟಿಯಾಗಿಸಿತು.’ ಒಂದೇ ವಾಕ್ಯದಲ್ಲಿ ಎರಡೂ ದೇಶ ಇವೆ, ವ್ಯತ್ಯಾಸವೂ ಇದೆ. ಉಳಿದ ವಾಕ್ಯಗಳ ಕೆಲಸ ಇದಕ್ಕೆ ಪುರಾವೆ ಒದಗಿಸುವುದು.

ಎರಡನೇ ಸಾಲು ಬ್ರೆಡ್ಡು. ಎರಡೂ ಕಡೆ ಜನ ಬ್ರೆಡ್ಡಿಗಾಗಿ ಬೀದಿಗಿಳಿದರು ಎಂಬುದು ನಿಜ. ಆದರೆ ಬ್ರೆಡ್ಡು ಏಕೆ ಸಿಗಲಿಲ್ಲ?

ಫ್ರಾನ್ಸಿನಲ್ಲಿ ಬೆಳೆಯೇ ಕೈಕೊಟ್ಟಿತ್ತು. 1788ರ ಜುಲೈ 13ರಂದು ಬಿದ್ದ ಆಲಿಕಲ್ಲು ಮಳೆ ಪ್ಯಾರಿಸ್ ಸುತ್ತಲಿನ ಪೈರನ್ನು ನೆಲಕ್ಕೆ ಬಡಿಯಿತು. ಸಾಮಾನ್ಯ ಕಾಲದಲ್ಲಿ 8-9 ಸೂ ಇದ್ದ ನಾಲ್ಕು ಪೌಂಡಿನ ಬ್ರೆಡ್ಡಿನ ಬೆಲೆ 1789ರ ಫೆಬ್ರವರಿಯಲ್ಲಿ 14 ಸೂ ದಾಟಿತು. ಪ್ಯಾರಿಸಿನ ಕೂಲಿಯವನ ದಿನದ ಸಂಪಾದನೆ 20-30 ಸೂ ಅಷ್ಟೆ. ರಷ್ಯಾದಲ್ಲಿ ಹಾಗಲ್ಲ, ದೇಶದಲ್ಲಿ ಧಾನ್ಯ ಇತ್ತು. ಯುದ್ಧದಿಂದ ರಫ್ತು ನಿಂತು ಅದು ಒಳಗೇ ಉಳಿದಿತ್ತು. ಆದರೆ ರೈಲುಗಳು ಸೇನೆಯ ಸಾಗಾಟದಲ್ಲಿ ಕುಸಿದಿದ್ದವು. ಬೆಲೆ ಕಳೆದುಕೊಳ್ಳುತ್ತಿದ್ದ ನೋಟಿಗೆ ಧಾನ್ಯ ಮಾರಲು ರೈತರಿಗೂ ಮನಸ್ಸಿರಲಿಲ್ಲ. ದಕ್ಷಿಣದ ಕಣಜದಿಂದ ದೂರದ ಪೆಟ್ರೋಗ್ರಾಡಿಗೆ ಹಿಟ್ಟು ಬರಲಿಲ್ಲ. 1917ರ ಮಾರ್ಚ್ 8ರ ಮಹಿಳಾ ದಿನದಂದು ಗಿರಣಿಯ ಹೆಂಗಸರು ಕೆಲಸ ಬಿಟ್ಟು ಹೊರಬಂದರು. ನಾಲ್ಕು ದಿನದಲ್ಲಿ ವೊಲಿನ್‌ಸ್ಕಿ ರೆಜಿಮೆಂಟಿನ ಸೈನಿಕರೇ ಬಂಡೆದ್ದರು.

ಬ್ರೆಡ್ಡಿನ ಪ್ಯಾರಾವನ್ನು ಉತ್ತರದಲ್ಲಿ ಎಲ್ಲಿ ಇಡಬೇಕು ಎಂಬುದೂ ಇಲ್ಲೇ ಸ್ಪಷ್ಟವಾಗುತ್ತದೆ. ಫ್ರಾನ್ಸಿನಲ್ಲಿ ಕ್ರಾಂತಿ ಶುರುವಾದದ್ದು ಸಭಾಂಗಣದಲ್ಲಿ. ಮೂರನೇ ವರ್ಗ ಜೂನ್ 17ರಂದು ತನ್ನನ್ನು ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡಿತು, ಪ್ಯಾರಿಸಿನ ಜನ ಬ್ಯಾಸ್ಟೀಲಿಗೆ ನುಗ್ಗಿದ್ದು ಜುಲೈ 14ರಂದು. ಪೆಟ್ರೋಗ್ರಾಡಿನಲ್ಲಿ ಮೊದಲು ಎದ್ದದ್ದು ಬೀದಿ. ಡ್ಯೂಮಾದ ಸದಸ್ಯರು ತಾತ್ಕಾಲಿಕ ಸಮಿತಿ ರಚಿಸಿದ್ದು ಸೈನಿಕರು ಬಂಡೆದ್ದ ದಿನ, ಮಾರ್ಚ್ 12ರಂದು. ಹಾಗಾಗಿ ಖಜಾನೆ ಮೊದಲು, ಬ್ರೆಡ್ಡು ಆಮೇಲೆ ಎಂಬ ಕ್ರಮ ಫ್ರಾನ್ಸಿಗೆ ಸರಿ. ರಷ್ಯಾಕ್ಕೆ ಬಂದಾಗ ಕ್ರಮ ತಿರುಗುಮುರುಗಾಗುತ್ತದೆ ಎಂದು ಅದೇ ಪ್ಯಾರಾದಲ್ಲಿ ಹೇಳಿಬಿಡಬೇಕು.

ಕಲಂ ತುಂಬುವಾಗ ಎರಡು ಎಡವಟ್ಟು ಮತ್ತೆ ಮತ್ತೆ ಆಗುತ್ತವೆ. ಒಂದು, ದೀರ್ಘಕಾಲದ ಕಾರಣವನ್ನು ತಕ್ಷಣದ ಕಾರಣದ ಎದುರು ಕೂರಿಸುವುದು. 1861ರಲ್ಲಿ ಜೀತಮುಕ್ತರಾದರೂ ಸಾಕಷ್ಟು ಭೂಮಿ ಸಿಗದ ರಷ್ಯನ್ ರೈತರ ಅಸಮಾಧಾನಕ್ಕೆ 1788ರ ಆಲಿಕಲ್ಲು ಜೋಡಿಯಲ್ಲ, ಫ್ರೆಂಚ್ ರೈತರು ಒಡೆಯರಿಗೆ ತೆರುತ್ತಿದ್ದ ಊಳಿಗಮಾನ್ಯ ಕಂದಾಯ ಜೋಡಿ. ಇನ್ನೊಂದು, ಪರಿಣಾಮವನ್ನು ಕಾರಣದ ಸಾಲಿಗೆ ಸೇರಿಸುವುದು. 1793ರ ಭಯೋತ್ಪಾದಕ ಆಳ್ವಿಕೆಯಾಗಲಿ ರಷ್ಯಾದ ಅಂತರ್ಯುದ್ಧವಾಗಲಿ ಕ್ರಾಂತಿಯ ನಂತರದವು. ಅವಕ್ಕೆ ಈ ಹಾಳೆಯಲ್ಲಿ ಜಾಗವಿಲ್ಲ.

ಯೋಜನೆ ಗಟ್ಟಿಯಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದರ ಕೆಳಗೊಂದು ಓದಬೇಕು. ಅವೇ ಸೇರಿ ಪ್ರಶ್ನೆಗೆ ಚುಟುಕಾದ ಉತ್ತರವಾಗಬೇಕು. ಯಾವುದಾದರೂ ವಾಕ್ಯದಲ್ಲಿ ಒಂದೇ ದೇಶದ ಹೆಸರಿದ್ದರೆ ಆ ಪ್ಯಾರಾ ಮತ್ತೆ ಟಿಪ್ಪಣಿಯಾಗಿದೆ ಎಂದರ್ಥ.

ಈ ಹಾದಿಯಲ್ಲಿ ಬಂದವರಿಗೆ ಕೊನೆಯ ಪ್ಯಾರಾದಲ್ಲಿ ಸಾಮ್ಯ-ವ್ಯತ್ಯಾಸಗಳ ಹಾರಿಕೆಯ ಮಾತು ಬೇಕಾಗುವುದಿಲ್ಲ. ಅಲ್ಲಿ ಬರೆಯಬೇಕಾದ್ದು ಇಷ್ಟು: ಫ್ರಾನ್ಸಿನ ದೊರೆ ಹಣಕ್ಕಾಗಿ ತೆರೆದ ಬಾಗಿಲಿನಿಂದ ಕ್ರಾಂತಿ ಒಳಬಂತು, ಬ್ರೆಡ್ಡಿನ ಬೆಲೆ ಅದಕ್ಕೆ ಜನಬಲ ಕೊಟ್ಟಿತು. ರಷ್ಯಾದಲ್ಲಿ ಬ್ರೆಡ್ಡಿನ ಸಾಲಿನಿಂದ ಕ್ರಾಂತಿ ಎದ್ದಿತು, ಅದನ್ನು ತಡೆಯಬೇಕಿದ್ದ ಸೈನಿಕರು ಯುದ್ಧದಿಂದ ಬೇಸತ್ತು ಅದರ ಜೊತೆಗೇ ನಿಂತರು.