ಒಂದು ಘೋಷಣೆ, ತೊಲಿಗೆ 4 ಸಾವಿರ!

2024ರ ಜುಲೈ 23, ಮಂಗಳವಾರ. ಆಷಾಢ! ಮದುವೆಯಿಲ್ಲ, ತಾಳಿ ಮಾಡಿಸುವವರಿಲ್ಲ. ರಾಮದುರ್ಗದಂಥ ಊರಿನ ಬಂಗಾರದ ಅಂಗಡಿಗಳಿಗೆ ಬಿಡುವಿನ ಕಾಲ.

ಮುಂಬೈನ ಸರಕು ಪೇಟೆ ಎಂಸಿಎಕ್ಸ್‌ನಲ್ಲಿ ಅದರ ಹಿಂದಿನ ದಿನ 10 ಗ್ರಾಂ ಚೊಕ್ಕ ಬಂಗಾರಕ್ಕೆ ಸುಮಾರು 72,700 ರೂಪಾಯಿ. ಆ ಮಂಗಳವಾರ ಎಷ್ಟಕ್ಕೆ ಇಳಿಯಿತು ಗೊತ್ತೆ?

68,500ರ ಸುತ್ತ! ತೊಲಿಗೆ 4 ಸಾವಿರಕ್ಕೂ ಮಿಕ್ಕಿ ಮಾಯ! (ಹಳೆಯ ತೊಲಿ 11.66 ಗ್ರಾಂ. ಈಗ ಪೇಟೆಯಲ್ಲಿ ತೊಲಿ ಎಂದರೆ 10 ಗ್ರಾಂ ಎಂದೇ ಲೆಕ್ಕ.)

ಏನಾಯಿತು, ಊಹಿಸಿ! ಲಂಡನ್ನಿನಲ್ಲಿ ಬಂಗಾರ ಬಿತ್ತೆ? ಇಲ್ಲ! ಅಲ್ಲಿ ದರ ಇದ್ದಲ್ಲೇ ಇತ್ತು. ನಮ್ಮ ಹಟ್ಟಿಯ ಗಣಿಯಲ್ಲಿ ರಾಶಿ ಬಂಗಾರ ಸಿಕ್ಕಿತೆ? ಅದೂ ಅಲ್ಲ. ಹಟ್ಟಿ ವರ್ಷಕ್ಕೆ ಕೊಡುವುದು ಒಂದೆರಡು ಟನ್. ದೇಶ ಹೊರಗಿನಿಂದ ತರಿಸುವುದು ನೂರಾರು ಟನ್! ರಾಯಚೂರಿನ ಗಣಿ ನಮ್ಮ ದರವನ್ನು ಅಲುಗಿಸಲಾರದು.

ಹಾಗಾದರೆ? ಬಜೆಟ್! ದೆಹಲಿಯಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಂಗಾರದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದರು. ಅಷ್ಟೇ! ಸಂಸತ್ತಿನಲ್ಲಿ ಆಡಿದ ಮಾತು ಗದ್ದಲವಿಲ್ಲದೆ ಮಲಪ್ರಭೆಯ ದಂಡೆಯ ಕಪಾಟುಗಳ ಒಳಗೆ ಇಳಿದುಬಿಟ್ಟಿತು.

ನಂಬಿಕೆ ಬರಲಿಲ್ಲವೆ? ಪೆನ್ನು ತೆಗೆದುಕೊಳ್ಳಿ. ನೀವೇ ಲೆಕ್ಕ ಹಾಕಿ!

ಜಗತ್ತು ಬಂಗಾರವನ್ನು ಔನ್ಸಿನಲ್ಲಿ ತೂಗುತ್ತದೆ, ಡಾಲರಿನಲ್ಲಿ ಎಣಿಸುತ್ತದೆ. ಒಂದು ಔನ್ಸ್ ಎಂದರೆ 31.1035 ಗ್ರಾಂ. ಆ ವಾರ ಔನ್ಸಿಗೆ ಸುಮಾರು 2,400 ಡಾಲರ್. ಅದನ್ನು 31.1035ರಿಂದ ಭಾಗಿಸಿ, 10ರಿಂದ ಗುಣಿಸಿ. ಸುಮಾರು 771.6 ಡಾಲರ್ ಬಂತೆ? ಅದು ನಮ್ಮ ತೊಲಿಯ ಬೆಲೆ. ಆಗ ಡಾಲರಿಗೆ 83.7 ರೂಪಾಯಿ. ಗುಣಿಸಿದರೆ 64,583. ಅದರ ಮೇಲೆ ಶೇ 6 ಸುಂಕ ಕೂಡಿಸಿ...

68,458! ಎಂಸಿಎಕ್ಸ್ ಇಳಿದು ನಿಂತ ಜಾಗ ಎಷ್ಟು? 68,500ರ ಸುತ್ತ! ಈ ಲೆಕ್ಕ ಮೊದಲ ಸಲ ಕೂಡಿ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ!

ಇರಿ, ಇನ್ನೊಂದು ಚಮತ್ಕಾರವಿದೆ. ಹಳೆಯ ಶೇ 15 ಸುಂಕ ಹಾಕಿ ನೋಡಿ. 74,270 ಬರುತ್ತದೆ. ಹಿಂದಿನ ದಿನದ ದರವೋ 72,700. ನಡುವಿನ ಸಾವಿರದೈನೂರು ಎಲ್ಲಿ ಹೋಯಿತು? ಸುಂಕ ಇಳಿಯಬಹುದು ಎಂಬ ಸುದ್ದಿ ಪೇಟೆಗೆ ಮೊದಲೇ ಮುಟ್ಟಿತ್ತು! ಹೆಚ್ಚು ಸುಂಕ ಕಟ್ಟಿ ತಂದ ಮಾಲು ಕೈಯಲ್ಲಿ ಉಳಿದೀತು ಎಂಬ ಅಂಜಿಕೆಯಿಂದ ವ್ಯಾಪಾರಿಗಳು ಬಜೆಟ್ಟಿಗೆ ಮುಂಚೆಯೇ ಡಿಸ್ಕೌಂಟಿನಲ್ಲಿ ಮಾರತೊಡಗಿದ್ದರು. ಇನ್ನೂ ಆಗದ ಸಂಗತಿಗೆ ದರ ಆಗಲೇ ತಲೆಬಾಗಿತ್ತು!

ಹೀಗೆ ನಮ್ಮ ದರಕ್ಕೆ ಮೂರು ಹಗ್ಗ. ಡಾಲರಿನ ಬಂಗಾರ, ರೂಪಾಯಿಯ ಬೆಲೆ, ದೆಹಲಿಯ ಸುಂಕ. ಮೊದಲ ಹಗ್ಗವನ್ನು ಹೆಚ್ಚಾಗಿ ಎಳೆಯುವುದು ಅಮೆರಿಕದ ಬಡ್ಡಿ. ಬಂಗಾರ ಬಡ್ಡಿ ಕೊಡುವುದಿಲ್ಲ, ಹೌದಲ್ಲ? ಅಲ್ಲಿ ಬಡ್ಡಿ ಏರುವ ಸುಳಿವು ಸಿಕ್ಕರೆ ಹಣ ಅತ್ತ ಹೊರಳುತ್ತದೆ, ಇಳಿಯುವ ಸುಳಿವು ಸಿಕ್ಕರೆ ಬಂಗಾರಕ್ಕೆ ಮರಳುತ್ತದೆ. ಅಮೆರಿಕದ ಉದ್ಯೋಗದ ಅಂಕಿಗಳು ಬೇಸಿಗೆಯಲ್ಲಿ ನಮ್ಮ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಬರುತ್ತವೆ. ಎಂಸಿಎಕ್ಸ್ ರಾತ್ರಿ ಹನ್ನೊಂದೂವರೆಯವರೆಗೂ ಕಣ್ಣು ತೆರೆದಿರುವುದು ಸುಮ್ಮನೆ ಅಲ್ಲ! ಮೇಲಾಗಿ 2022, 2023, 2024 ಮೂರೂ ವರ್ಷ ಜಗತ್ತಿನ ಕೇಂದ್ರ ಬ್ಯಾಂಕುಗಳು ಒಟ್ಟಾಗಿ ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಕೊಂಡವು. ನಮ್ಮ ರಿಸರ್ವ್ ಬ್ಯಾಂಕೂ ಆ ಸಾಲಿನಲ್ಲಿತ್ತು!

ಈಗ ಬನ್ನಿ, ಆಟ ಆಡೋಣ. ರಾಮದುರ್ಗದಲ್ಲಿ ಮೂವರು ಇದ್ದಾರೆ ಎಂದುಕೊಳ್ಳಿ. ಮೂವರೂ ಬಜೆಟ್ಟಿನ ಹಿಂದಿನ ದಿನ ಬಂಗಾರ ಕೊಂಡರು. ಹೆಚ್ಚು ಪೆಟ್ಟು ಯಾರಿಗೆ?

ಮೊದಲನೆಯವರು ಒಬ್ಬ ಅಕ್ಕ. 10 ಗ್ರಾಂ ತೂಕದ 22 ಕ್ಯಾರೆಟ್ ಪಾಟ್ಲಿ ಕೊಂಡರು. ಬಂಗಾರಕ್ಕೆ 66,600. ಮಜೂರಿ ಶೇ 12 ಎಂದಿಟ್ಟುಕೊಳ್ಳಿ, ಸುಮಾರು 8,000. ಎರಡರ ಮೇಲೆ ಶೇ 3 ಜಿಎಸ್‌ಟಿ, 2,200 ಚಿಲ್ಲರೆ. ಮರುದಿನ ದರ ಇಳಿಯಿತೆಂದು ನೊಂದುಕೊಂಡರು. ಆದರೆ ಬಿಲ್ಲು ನೋಡಿ! ಮಜೂರಿ ಮತ್ತು ತೆರಿಗೆ ಸೇರಿ 10 ಸಾವಿರ ದಾಟಿತ್ತು. ಪಾಟ್ಲಿ ಮಾರಲು ಹೋದರೆ ಆ ಹಣ ಹುಟ್ಟುವುದಿಲ್ಲ! ದೆಹಲಿ ಕಸಿದದ್ದರ ಎರಡು ಪಟ್ಟಿಗೂ ಹೆಚ್ಚು ಹಣ ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಹೋಗಿತ್ತು. ಕೈಗೆ ಹಾಕಿಕೊಂಡು ಮೆರೆಯಲಿಕ್ಕೆ ಪಾಟ್ಲಿಯೇ ಬೇಕು, ಅದು ನಿಜ. ದರ ಏರಿದಾಗ ಮಾರುವ ಲೆಕ್ಕವಿದ್ದರೆ ಮಾತ್ರ ಅದು ತುಂಬ ದುಬಾರಿ ದಾರಿ.

ಎರಡನೆಯವರು ಒಬ್ಬ ಮಾಸ್ತರು. ಅವರು ಕೊಂಡದ್ದು ಇಟಿಎಫ್. ಅಂದರೆ ನಿಮ್ಮ ಪರವಾಗಿ ಗಟ್ಟಿ ಬಂಗಾರವನ್ನು ತಿಜೋರಿಯಲ್ಲಿಟ್ಟು, ಅದರ ಪಾಲನ್ನು ಷೇರಿನಂತೆ ಮಾರುವ ನಿಧಿ. ಈ ಬಗೆಯಲ್ಲಿ ಭಾರತದ ಮೊದಲನೆಯದು ಗೋಲ್ಡ್ ಬೀಸ್, 2007ರಲ್ಲಿ ಬಂತು. ಆಗ ಒಂದು ಯೂನಿಟ್ ಎಂದರೆ ಸುಮಾರು 1 ಗ್ರಾಂ. 2019ರಲ್ಲಿ ಅದನ್ನು ನೂರು ಪಾಲು ಮಾಡಿದರು. ಅಂದರೆ ಸಾವಿರ ಯೂನಿಟ್ಟಿಗೆ 10 ಗ್ರಾಂ ಇರಬೇಕು. ದರ 72,700 ಆಗಬೇಕು. ಮಾಸ್ತರು ಕೊಟ್ಟದ್ದು 60 ಸಾವಿರದ ಆಸುಪಾಸು!

ಅಗ್ಗವೆ? ಅಲ್ಲ! ಯೂನಿಟ್ಟಿನೊಳಗಿನ ಬಂಗಾರವೇ ಸವೆದಿದೆ! ತಿಜೋರಿ, ವಿಮೆ, ನಿರ್ವಹಣೆಯ ಖರ್ಚಿಗೆ ನಿಧಿ ಪ್ರತಿವರ್ಷ ಶೇ 1ರೊಳಗೆ ಬಂಗಾರ ಕರಗಿಸುತ್ತದೆ. ಹದಿನೇಳು ವರ್ಷದಲ್ಲಿ ಯೂನಿಟ್ಟಿನ 10 ಮಿಲಿಗ್ರಾಂ ಸವೆದು ಎಂಟೂವರೆಯ ಸುತ್ತ ಬಂದಿತ್ತು. ಮಾಸ್ತರಿಗೆ ಇದರಿಂದ ಮೋಸವಿಲ್ಲ, ಇದ್ದಷ್ಟಕ್ಕೇ ದುಡ್ಡು ಕೊಟ್ಟಿದ್ದಾರೆ. ಮಜೂರಿ ಇಲ್ಲ. ಮರುದಿನ ಅವರಿಗೆ ಬಿದ್ದದ್ದು ದರ ಇಳಿದಷ್ಟೇ ಪೆಟ್ಟು. ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಪರದೆಯ ಮೇಲಿನ ದರ, ಯೂನಿಟ್ಟಿನೊಳಗಿನ ಬಂಗಾರದ ಬೆಲೆಯೆಂದು ನಿಧಿ ತೋರಿಸುವ iNAVಗಿಂತ ಬಹಳ ಮೇಲಿದ್ದರೆ ನೀವು ಇಲ್ಲದ ಬಂಗಾರಕ್ಕೆ ಹಣ ಕೊಡುತ್ತಿದ್ದೀರಿ!

ಮೂರನೆಯವನು ತಮ್ಮ. ಹುರುಪಿನವನು! ಫ್ಯೂಚರ್ಸಿನಲ್ಲಿ ಒಂದು ಗೋಲ್ಡ್ ಮಿನಿ ಕೊಂಡ. 100 ಗ್ರಾಂ, 7.27 ಲಕ್ಷದ ಮಾಲು. ಮಾರ್ಜಿನ್ ಶೇ 10 ಎಂದಿಟ್ಟುಕೊಂಡರೆ ಕಟ್ಟಿದ್ದು ಬರೀ 72,700! ತೊಲಿಗೆ 4 ಸಾವಿರ ಬಿದ್ದರೆ ಹತ್ತು ತೊಲಿಗೆ? 40 ಸಾವಿರ! ಕಟ್ಟಿದ್ದರ ಅರ್ಧಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಖಾಲಿ. ತಕ್ಷಣ ಮತ್ತೆ ಹಣ ತುಂಬಬೇಕು, ಇಲ್ಲವಾದರೆ ಬ್ರೋಕರ್ ಸೌದಾ ಮುರಿಯುತ್ತಾನೆ. ಮುಂದೆ ದರ ಏರಿದರೂ ಅವನ ಕೈಯಲ್ಲಿ ಬಂಗಾರವಿಲ್ಲ!

ಆ 40 ಸಾವಿರ ಯಾರ ಪಾಲಾಯಿತು? ಕೊನೆಯ ಸಲ ಊಹಿಸಿ!

ಎದುರು ಬದಿಯಲ್ಲಿ ಮಾರಿದವನ ಪಾಲು. ಅವನೊಬ್ಬ ಸರಾಫನಾಗಿರಬಹುದು. ಅಂಗಡಿಯಲ್ಲಿ 100 ಗ್ರಾಂ ಮಾಲು ಇಟ್ಟುಕೊಂಡು, ದರ ಇಳಿದರೆ ಗತಿಯೇನು ಎಂದು ಅಷ್ಟನ್ನೇ ಫ್ಯೂಚರ್ಸಿನಲ್ಲಿ ಮಾರಿಟ್ಟವನು. ಬಜೆಟ್ಟಿನ ದಿನ ಕಪಾಟಿನಲ್ಲಿ 40 ಸಾವಿರ ಹೋಯಿತು. ಖಾತೆಗೆ 40 ಸಾವಿರ ಬಂತು. ಊರೆಲ್ಲ ದರದ ಮಾತಾಡುತ್ತಿದ್ದ ಆ ರಾತ್ರಿ ಅವನು ಚಿಂತೆಯಿಲ್ಲದೆ ಮಲಗಿದ್ದ!